ಹಸುವಿನ ಹಾಲು, ಸೋಯಾ, ಓಟ್ಸ್, ಬಾದಾಮಿ: ನಾಲ್ಕು ಲೇಬಲ್ ಪಕ್ಕಪಕ್ಕ ಇಟ್ಟು ಓದುವುದು ಹೇಗೆ?

ಪ್ಯಾಕ್ ಹಿಂದೆ ತಿರುಗಿಸಿ ಲೇಬಲ್ ಓದುವವರೂ ಒಂದು ಕಡೆ ಎಡವುತ್ತಾರೆ. 240 ಮಿ.ಲೀ. ಹಸುವಿನ ಹಾಲಿನಲ್ಲಿ ಸಕ್ಕರೆ 12 ಗ್ರಾಂ, ಸಿಹಿ ಹಾಕದ ಬಾದಾಮಿ ಹಾಲಿನಲ್ಲಿ ಸೊನ್ನೆ, ಹಾಗಾದ್ರೆ ಬಾದಾಮಿಯೇ ಒಳ್ಳೇದು ಅಂತ ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತಾರೆ. ಆ 12 ಗ್ರಾಂ ಎಲ್ಲಿಂದ ಬಂತು ಅಂತ ಕೇಳುವುದೇ ಇಲ್ಲ.

ಮೊದಲು ಅಳತೆ ಒಂದು ಮಾಡಿ. ಒಂದು ಕಂಪನಿ 240 ಮಿ.ಲೀ. ಲೆಕ್ಕ ಕೊಟ್ಟರೆ ಇನ್ನೊಂದು 200ರದ್ದು, ಮತ್ತೊಂದು 100ರದ್ದು ಕೊಡುತ್ತದೆ. ಎಲ್ಲವನ್ನೂ 100 ಮಿ.ಲೀ.ಗೆ ಇಳಿಸಿ. 240 ಮಿ.ಲೀ.ಗೆ 8 ಗ್ರಾಂ ಪ್ರೋಟೀನ್ ಅಂದರೆ 100ಕ್ಕೆ ಸುಮಾರು 3.3 ಗ್ರಾಂ.

ಆಮೇಲೆ ಪ್ರೋಟೀನ್. ಇಲ್ಲಿ ಗೊಂದಲವೇ ಇಲ್ಲ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 3.3 ಗ್ರಾಂ, ಸೋಯಾದಲ್ಲಿ ಸಾಮಾನ್ಯವಾಗಿ 3ರ ಆಸುಪಾಸು, ಓಟ್ಸ್‌ನಲ್ಲಿ ಸುಮಾರು 1 ಗ್ರಾಂ, ಬಾದಾಮಿಯಲ್ಲಿ ಅರ್ಧ ಗ್ರಾಂ. ಬಾದಾಮಿ ಬೀಜದಲ್ಲಿ ಅಷ್ಟೊಂದು ಪ್ರೋಟೀನ್ ಇರುತ್ತದಲ್ವಾ ಎಂದರೆ, ಇರುತ್ತದೆ. ಆದರೆ ಪದಾರ್ಥಗಳ ಪಟ್ಟಿ ನೋಡಿ: ಬಹಳಷ್ಟು ಪ್ಯಾಕ್‌ಗಳಲ್ಲಿ ಬಾದಾಮಿ ಬರೀ 2-3%, ಉಳಿದದ್ದು ಹೆಚ್ಚುಕಡಿಮೆ ನೀರೇ.

ಮೂರನೆಯದು ಕ್ಯಾಲ್ಸಿಯಂ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ತಾನಾಗಿಯೇ ಇರುತ್ತದೆ. ಉಳಿದ ಮೂರರಲ್ಲಿ ಕಂಪನಿಯವರು ಬೆರೆಸಿದರೆ ಮಾತ್ರ ಅಷ್ಟು ಸಿಗುತ್ತದೆ. ಪಟ್ಟಿಯಲ್ಲಿ 'ಕ್ಯಾಲ್ಸಿಯಂ ಕಾರ್ಬೊನೇಟ್' ಅಥವಾ 'ಟ್ರೈಕ್ಯಾಲ್ಸಿಯಂ ಫಾಸ್ಫೇಟ್' ಇದೆಯಾ ನೋಡಿ. ಸಾವಯವ ಅಂತ ಬರೆದಿರುವವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಶೇಕಡಾ ಲೆಕ್ಕ ನಂಬಬೇಡಿ, ಮಿಲಿಗ್ರಾಂ ನೋಡಿ. ಆ ಶೇಕಡಾ ದಿನಕ್ಕೆ ಬೇಕಾದ ಪ್ರಮಾಣದ ಲೆಕ್ಕ, ಅದು ಒಂದೊಂದು ಕಡೆ ಒಂದೊಂದು. ಅಮೆರಿಕದ ಲೇಬಲ್‌ನಲ್ಲಿ 20% ಎಂದರೆ 260 ಮಿ.ಗ್ರಾಂ, ಯುರೋಪಿನದರಲ್ಲಿ 160. ಇನ್ನೊಂದು ವಿಷಯ: ಬೆರೆಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ. ಪ್ಯಾಕ್ ಚೆನ್ನಾಗಿ ಕುಲುಕದೆ ಬಗ್ಗಿಸಿದರೆ ಅದು ತಳದಲ್ಲೇ ಉಳಿಯುತ್ತದೆ. ಖಾಲಿ ಪ್ಯಾಕ್ ಕತ್ತರಿಸಿ ನೋಡಿ, ಮೂಲೆಯಲ್ಲಿ ಬಿಳಿ ಕೆಸರು ಅಂಟಿಕೊಂಡಿದ್ದರೆ ಅದರಲ್ಲಿ ನೀವು ದುಡ್ಡು ಕೊಟ್ಟ ಕ್ಯಾಲ್ಸಿಯಂ ಇದೆ.

ಈಗ ಸಕ್ಕರೆ. ನಿಧಾನವಾಗಿ ಓದಬೇಕಾದದ್ದು ಇದೇ. 'ಒಟ್ಟು ಸಕ್ಕರೆ' ಬೇರೆ, 'ಸೇರಿಸಿದ ಸಕ್ಕರೆ' ಬೇರೆ. ಹಸುವಿನ ಹಾಲಿನ 12 ಗ್ರಾಂ ಪೂರ್ತಿ ಲ್ಯಾಕ್ಟೋಸ್, ಹಾಲಿನದೇ ಸಕ್ಕರೆ. ಸೇರಿಸಿದ್ದು ಸೊನ್ನೆ. ಲ್ಯಾಕ್ಟೋಸ್ ಮುಕ್ತ ಹಾಲು ಜಾಸ್ತಿ ಸಿಹಿ ಅನ್ನಿಸಿದರೂ ಅದಕ್ಕೆ ಸಕ್ಕರೆ ಹಾಕಿರುವುದಿಲ್ಲ. ಲ್ಯಾಕ್ಟೋಸನ್ನು ಒಡೆದಾಗ ಬರುವ ಗ್ಲೂಕೋಸ್, ಗ್ಯಾಲಕ್ಟೋಸ್ ನಾಲಿಗೆಗೆ ಹೆಚ್ಚು ಸಿಹಿ, ಅಷ್ಟೇ.

ಸುವಾಸನೆ ಬೆರೆಸಿದ ಹಾಲಿನ ಲೇಬಲ್‌ನಲ್ಲಿ 'ಸೇರಿಸಿದ ಸಕ್ಕರೆ' ಸಾಲೇ ಇಲ್ಲದಿದ್ದರೆ ನೀವೇ ಲೆಕ್ಕ ಹಾಕಿ. 200 ಮಿ.ಲೀ. ಚಾಕೊಲೇಟ್ ಹಾಲಿನಲ್ಲಿ ಒಟ್ಟು 20 ಗ್ರಾಂ ಇದೆ ಅಂದುಕೊಳ್ಳಿ. 100ಕ್ಕೆ 5ರಂತೆ ಸುಮಾರು 10 ಗ್ರಾಂ ಹಾಲಿನದು, ಉಳಿದ 10 ಗ್ರಾಂ ಹೆಚ್ಚುಕಡಿಮೆ ಪೂರ್ತಿ ಹಾಕಿದ್ದು. ಸೋಯಾ, ಬಾದಾಮಿಗಳಲ್ಲಿ ಇನ್ನೂ ಸುಲಭ. ಸಿಹಿ ಹಾಕದವುಗಳಲ್ಲಿ ಸಕ್ಕರೆ 100ಕ್ಕೆ 1 ಗ್ರಾಂ ಕೂಡ ಇರುವುದು ಅಪರೂಪ. ಅಲ್ಲಿ 3 ಗ್ರಾಂ ಕಂಡರೆ ಬಹುಪಾಲು ಸೇರಿಸಿದ್ದೇ. ಪಟ್ಟಿಯಲ್ಲಿ ಅದು ಕಬ್ಬಿನ ಸಕ್ಕರೆ, ಅಕ್ಕಿ ಸಿರಪ್, ಖರ್ಜೂರದ ಸಿರಪ್ ಎಂಬ ಹೆಸರಿನಲ್ಲಿರಬಹುದು. ವೆನಿಲ್ಲಾ ಪ್ಯಾಕ್‌ಗಳನ್ನು ನಾನಂತೂ ಮುಟ್ಟುವುದಿಲ್ಲ.

ಓಟ್ಸ್ ಕಥೆಯೇ ಬೇರೆ. ಓಟ್ಸ್ ಅರೆದು ನೀರಿಗೆ ಹಾಕಿದರೆ ಅದರ ಪಿಷ್ಟದಿಂದ ಗಂಜಿಯಂತೆ ಲೋಳೆಯಾಗುತ್ತದೆ. ಅದನ್ನು ತೆಳುವಾಗಿಸಲು ಕಾರ್ಖಾನೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಹಾಕುತ್ತಾರೆ. ಅದು ಪಿಷ್ಟವನ್ನು ಒಡೆದಾಗ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟುತ್ತದೆ. ಹೊರಗಿನಿಂದ ಒಂದು ಚಮಚವೂ ಹಾಕಿರುವುದಿಲ್ಲ, ಆದರೂ ಪಾನೀಯ ಸಿಹಿ. ಅಮೆರಿಕದ ನಿಯಮ ಇದನ್ನು ಸೇರಿಸಿದ ಸಕ್ಕರೆ ಅಂತಲೇ ಎಣಿಸುತ್ತದೆ. ಹಾಗಾಗಿ ಅಲ್ಲಿ ಪಟ್ಟಿಯಲ್ಲಿ ಸಕ್ಕರೆಯ ಹೆಸರೇ ಇಲ್ಲದಿದ್ದರೂ 240 ಮಿ.ಲೀ.ಗೆ 7 ಗ್ರಾಂ ಸೇರಿಸಿದ ಸಕ್ಕರೆ ಎಂದು ಕಾಣಬಹುದು. ಯುರೋಪಿನ ಲೇಬಲ್‌ನಲ್ಲಿ ಆ ಸಾಲೇ ಕಡ್ಡಾಯವಲ್ಲ. ಆದ್ದರಿಂದ ಓಟ್ಸ್ ಒಂದಕ್ಕೆ ಮಾತ್ರ ಈ ನಿಯಮ ಇಟ್ಟುಕೊಳ್ಳಿ: 'ಸೇರಿಸಿದ' ಸಾಲು ಬಿಡಿ, ಒಟ್ಟು ಸಕ್ಕರೆಯನ್ನೇ ಓದಿ. ಕಾಫಿಗೆಂದೇ ಮಾರುವ ಓಟ್ಸ್ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಎಣ್ಣೆಯೂ ಜಾಸ್ತಿ, ನೊರೆ ಚೆನ್ನಾಗಿ ಬರಲಿ ಅಂತ.

ನಾಲ್ಕನ್ನೂ ಹೀಗೆ ಸಾಲಾಗಿ ಬರೆದರೆ, ಹಾಲು ಬಿಟ್ಟವರಿಗೆ ನಾನು ಹೇಳುವುದು ಒಂದೇ: ಸಿಹಿ ಹಾಕದ, ಕ್ಯಾಲ್ಸಿಯಂ ಬೆರೆಸಿದ ಸೋಯಾ. ಸೋಯಾ ಒಗ್ಗದವರು ಓಟ್ಸ್, ಬಾದಾಮಿ ಕುಡಿಯಬಹುದು, ಆದರೆ ಒಂದು ಲೋಟ ಹಾಲು ಕೊಡುತ್ತಿದ್ದ 8 ಗ್ರಾಂ ಪ್ರೋಟೀನನ್ನು ಬೇಳೆಕಾಳಿನಿಂದಲೋ ಮೊಟ್ಟೆಯಿಂದಲೋ ಬೇರೆ ತಿನ್ನಬೇಕು.