ಚುಕ್ಕೆ ಎತ್ತ ಹೋಯ್ತು? ಟಿಎಂಎಸ್ ಹಿಡಿದು ವಿ-5 ಪರೀಕ್ಷಿಸಿದ ನನ್ನ ಅನುಭವ

ಚಲಿಸುವ ಚುಕ್ಕೆಗಳನ್ನು ತೋರಿಸುತ್ತಾ, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ತೆಗೆದರೆ, ಮಿದುಳಿನ ಎರಡೂ ಬದಿಯಲ್ಲಿ, ಕಿವಿಗಿಂತ ಹಿಂದಕ್ಕೆ, ಒಂದು ಸಣ್ಣ ಜಾಗ ಚುರುಕಾಗುವುದು ಕಾಣುತ್ತದೆ. ಅದಕ್ಕೆ ವಿ-5 ಅಂತ ಹೆಸರು. ನಿಂತ ಚುಕ್ಕೆ ತೋರಿಸಿದರೆ ಅಷ್ಟು ಚುರುಕಾಗುವುದಿಲ್ಲ. ಹಾಗಾದರೆ ಚಲನೆ ನೋಡುವುದಕ್ಕೆ ಈ ಜಾಗ ಬೇಕೇ ಬೇಕು ಅಂತ ಹೇಳಿಬಿಡಬಹುದಾ? ಆಗಲ್ಲ. ಕೆಲಸ ಬೇರೆಲ್ಲೋ ನಡೆದು, ಅದರ ಸುದ್ದಿ ಮಾತ್ರ ಇಲ್ಲಿಗೆ ಬರುತ್ತಿರಬಹುದು. ಸ್ಕ್ಯಾನ್ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

1983ರಲ್ಲಿ ಜರ್ಮನಿಯ ಸಂಶೋಧಕರು ಎಲ್.ಎಂ. ಎಂಬ ಮಹಿಳೆಯ ವಿವರ ಬರೆದರು. ಮಿದುಳಿನ ಎರಡೂ ಬದಿಗೆ ಹಾನಿಯಾದ ಮೇಲೆ ಆಕೆಗೆ ಚಲನೆಯೇ ಕಾಣುತ್ತಿರಲಿಲ್ಲ. ಕಪ್‌ಗೆ ಟೀ ಬಗ್ಗಿಸಿದರೆ ಧಾರೆ ಹೆಪ್ಪುಗಟ್ಟಿದ ಹಾಗೆ ಕಾಣುತ್ತಿತ್ತು, ಕಪ್ ತುಂಬುವುದು ಗೊತ್ತಾಗುತ್ತಿರಲಿಲ್ಲ. ಬಣ್ಣ, ಆಕಾರಗಳೆಲ್ಲ ಹೆಚ್ಚುಕಡಿಮೆ ಸರಿ ಇದ್ದವು. ಇದು ಎಫ್‌ಎಂಆರ್‌ಐಗಿಂತ ಗಟ್ಟಿ ಸಾಕ್ಷಿ. ಆದರೆ ಆಕೆಯ ಮಿದುಳಿನಲ್ಲಿ ಹಾಳಾಗಿದ್ದು ವಿ-5 ಒಂದೇ ಅಲ್ಲ, ಸುತ್ತಲಿನ ದೊಡ್ಡ ಭಾಗ. ಹಾನಿಯಾದ ಮೇಲೆ ಮಿದುಳು ತನ್ನನ್ನು ತಾನೇ ಹೊಂದಿಸಿಕೊಂಡೂ ಇರುತ್ತದೆ.

ಟಿಎಂಎಸ್, ಅಂದರೆ ತಲೆಯ ಹೊರಗಿನಿಂದ ಕಾಂತದ ಪಲ್ಸ್ ಕೊಟ್ಟು ಮಿದುಳನ್ನು ಕೆಣಕುವ ವಿಧಾನ, ಬೇಕಾಗುವುದು ಇಲ್ಲಿಯೇ. ತಲೆಯ ಮೇಲೆ ಇಂಗ್ಲಿಷಿನ 8ರ ಆಕಾರದ ಕಾಯಿಲ್ ಇಡುತ್ತೇವೆ. ಅದರಲ್ಲಿ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಭಾರೀ ಕರೆಂಟ್ ಹರಿಯುತ್ತದೆ. ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆ ದಾಟಿ, ಎರಡು ಸುರುಳಿ ಸೇರುವ ಜಾಗದ ಕೆಳಗೆ ನರಕೋಶಗಳಲ್ಲಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಆ ಹೊತ್ತಿಗೆ ಅಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಗೊಂದಲ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮೊದಲಿನಂತೆ. ಆರೋಗ್ಯವಂತರ ಮೇಲೆ, ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ಹೀಗೆ ಮಾಡಿ ನೋಡಬಹುದು. ಕೇಳುವುದಕ್ಕೆ ಸುಲಭ. ಆದರೆ ಪಲ್ಸ್ ಕೊಟ್ಟಾಗ ಉತ್ತರ ತಪ್ಪಾದರೆ, ಅದು ವಿ-5ನಿಂದಲೇ ಅಂತ ತೋರಿಸುವುದರಲ್ಲಿ ನಮ್ಮ ಮುಕ್ಕಾಲು ಶ್ರಮ ಹೋಗುತ್ತದೆ.

ಯಾಕೆ ಅಂದರೆ, ಪಲ್ಸ್ ಸುಮ್ನೆ ಬರುವುದಿಲ್ಲ. ಪ್ರತಿ ಪಲ್ಸ್‌ಗೂ ಕಾಯಿಲ್ ‘ಟಕ್’ ಅಂತ ಜೋರಾಗಿ ಸದ್ದು ಮಾಡುತ್ತದೆ, ಅದಕ್ಕೇ ಇಯರ್‌ಪ್ಲಗ್ ಕಡ್ಡಾಯ. ತಲೆಯ ಹಿಂಭಾಗದಲ್ಲಿಟ್ಟರೆ ಕತ್ತಿನ ಸ್ನಾಯು ಅದುರುತ್ತದೆ. ಕೆಲವರು ಕಣ್ಣು ಮಿಟುಕಿಸಿಬಿಡುತ್ತಾರೆ. ನಮ್ಮಲ್ಲಿಗೆ ಬಂದ ಒಬ್ಬ ಬಿ.ಎಸ್ಸಿ ಹುಡುಗಿ ಮೊದಲ ಪಲ್ಸ್ ಆದ ಕೂಡಲೇ, “ಮೇಡಂ, ಯಾರೋ ಬೆರಳಲ್ಲಿ ತಲೆಗೆ ಮೊಟಕಿದ ಹಾಗಾಯ್ತು” ಅಂದಳು. ತಲೆಗೆ ಮೊಟಕಿಸಿಕೊಳ್ಳುತ್ತಾ ಚುಕ್ಕೆ ನೋಡಿದರೆ ಯಾರಿಗಾದರೂ ಉತ್ತರ ತಪ್ಪಬಹುದು ಅಲ್ವಾ? ಇದರ ಉಲ್ಟಾ ಕೂಡ ಆಗುತ್ತದೆ. ‘ಟಕ್’ ಸದ್ದು ಎಚ್ಚರಿಸಿದಂತಾಗಿ ಜನ ಬೇಗ ಬಟನ್ ಒತ್ತುತ್ತಾರೆ. ಹಾಗಾಗಿ ‘ಪಲ್ಸ್ ಇದ್ದಾಗ, ಇಲ್ಲದಾಗ’ ಎಂಬ ಹೋಲಿಕೆ ಒಂದನ್ನೇ ನಾನು ನಂಬುವುದಿಲ್ಲ.

ನಮ್ಮ ಪ್ರಯೋಗ ಹೀಗಿತ್ತು. ಪರದೆಯ ನಡುವೆ ಒಂದು ಸಣ್ಣ ಪ್ಲಸ್ ಗುರುತು, ಕಣ್ಣು ಅದರ ಮೇಲೇ ಇರಬೇಕು. ಗುರುತಿನ ಎಡಕ್ಕೋ ಬಲಕ್ಕೋ ಚುಕ್ಕೆಗಳ ಗುಂಪೊಂದು ಮಿಂಚಿ ಹೋಗುತ್ತದೆ. ಕೆಲವು ಚುಕ್ಕೆ ಒಂದೇ ದಿಕ್ಕಿಗೆ ಹೋಗುತ್ತವೆ, ಉಳಿದವು ಎಲ್ಲೆಂದರಲ್ಲಿ ಹಾರುತ್ತವೆ. ಗುಂಪು ಮೇಲಕ್ಕೆ ಹೋಯ್ತಾ, ಕೆಳಕ್ಕಾ ಅಂತ ಹೇಳಬೇಕು. ಬೇರೆ ಸುತ್ತಿನಲ್ಲಿ ಅದೇ ಚುಕ್ಕೆಗಳ ಬಣ್ಣ ಕೆಂಪಿನ ಕಡೆಗಿದೆಯಾ, ಹಸಿರಿನ ಕಡೆಗಾ ಅಂತ ಹೇಳಬೇಕು. ಪಲ್ಸ್ ಕೊಡುವುದು ಬಲಗಡೆಯ ವಿ-5ಗೆ. ನೋಟದ ಎಡಭಾಗದ ಚಲನೆಯನ್ನು ಮುಖ್ಯವಾಗಿ ನೋಡಿಕೊಳ್ಳುವುದು ಬಲಗಡೆಯ ಮಿದುಳು. ಹಾಗಾಗಿ ನಮ್ಮ ಊಹೆ ನಿಜವಾದರೆ ಕೆಡಬೇಕಾದದ್ದು ಎಡಗಡೆಯ ಚಲನೆ ಮಾತ್ರ. ಬಲಗಡೆಯ ಚಲನೆ ಅಷ್ಟಾಗಿ ಕೆಡಬಾರದು, ಎಡಗಡೆಯ ಬಣ್ಣವೂ ಕೆಡಬಾರದು.

ನನಗೆ ತುಂಬಾ ಇಷ್ಟವಾದ ತಪಾಸಣೆ ಇದೇ. ಕಾಯಿಲ್ ಕದಲಿಸಿಲ್ಲ. ಸದ್ದು, ಅದುರು, ಮೊಟಕು ಎಲ್ಲ ಅವೇ. ಬದಲಾಗಿದ್ದು ಚುಕ್ಕೆ ಎಲ್ಲಿ ಬಂತು, ಏನು ಕೇಳಿದೆವು ಅನ್ನುವುದಷ್ಟೇ. ಇದರ ಜೊತೆಗೆ ನೆತ್ತಿಯ ಮೇಲೂ ಒಂದು ಸುತ್ತು ಪಲ್ಸ್ ಕೊಟ್ಟೆವು. ಆ ಹೋಲಿಕೆ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ, ಅದಕ್ಕೆ. ನನ್ನ ಮಟ್ಟಿಗೆ ನೆತ್ತಿಯ ಹೋಲಿಕೆ ಸ್ವಲ್ಪ ದುರ್ಬಲ. ಅಲ್ಲಿ ಕತ್ತಿನ ಸ್ನಾಯು ಅದುರುವುದೇ ಇಲ್ಲ.

ಕೆಲಸ ಎಷ್ಟು ಕಷ್ಟ ಇರಬೇಕು ಎನ್ನುವುದನ್ನು ಪಲ್ಸ್‌ಗೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಎಲ್ಲ ಚುಕ್ಕೆಗಳೂ ಒಂದೇ ಕಡೆ ಹೊರಟರೆ ಎಷ್ಟು ಪಲ್ಸ್ ಕೊಟ್ಟರೂ ಉತ್ತರ ಸರಿಯೇ ಬರುತ್ತದೆ. ತೀರಾ ಕಷ್ಟ ಮಾಡಿದರೆ ಜನ ಊಹೆಯ ಮೇಲೇ ಬಟನ್ ಒತ್ತುತ್ತಾರೆ, ಕೆಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೂ ಶೇ. 80ರ ಹತ್ತಿರ ಸರಿ ಉತ್ತರ ಬರುವಂತೆ ಒಟ್ಟಾಗಿ ಚಲಿಸುವ ಚುಕ್ಕೆಗಳ ಪಾಲನ್ನು ಹೊಂದಿಸಿದೆವು. ಬಣ್ಣದ ಕೆಲಸವನ್ನೂ ಅದೇ ಮಟ್ಟಕ್ಕೆ ತಂದೆವು. ಹಾಗೆ ಮಾಡದಿದ್ದರೆ, ‘ಚಲನೆಯೇ ಹೆಚ್ಚು ಕಷ್ಟವಿತ್ತು, ಅದಕ್ಕೇ ಕೆಟ್ಟಿತು’ ಅಂತ ಯಾರು ಬೇಕಾದರೂ ಹೇಳಬಹುದು, ಹೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಇನ್ನು ಜಾಗ ಹುಡುಕುವುದು. ತಲೆಯ ಹಿಂದಿನ ಉಬ್ಬು ಮೂಳೆಯಿಂದ ಸುಮಾರು 5 ಸೆಂ.ಮೀ. ಪಕ್ಕಕ್ಕೆ, 3 ಸೆಂ.ಮೀ. ಮೇಲಕ್ಕೆ ಅಂತ ಟೇಪ್ ಹಿಡಿದು ಶುರು ಮಾಡಬಹುದು. ಆದರೆ ವಿ-5 ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರುತ್ತದೆ, ಒಂದೆರಡು ಸೆಂ.ಮೀ. ಆಚೀಚೆ. ನಾವು ಪ್ರತಿಯೊಬ್ಬರಿಗೂ ಮೊದಲು ಸ್ಕ್ಯಾನ್ ಮಾಡಿಸಿದೆವು. ರೋಗಿಗಳ ಸರದಿ ಮುಗಿದ ಮೇಲೆ, ಅಂದರೆ ರಾತ್ರಿ, ನಮಗೆ ಮಷಿನ್ ಸಿಗುತ್ತಿತ್ತು. ಆ ಚಿತ್ರವನ್ನು ನ್ಯಾವಿಗೇಶನ್ ಕಂಪ್ಯೂಟರಿಗೆ ಹಾಕಿ, ತಲೆಗೆ ಪಟ್ಟಿ ಕಟ್ಟಿ, ಮೂಗಿನ ಬುಡ ಮತ್ತು ಎರಡು ಕಿವಿಗಳ ಹತ್ತಿರ ಕಡ್ಡಿ ಮುಟ್ಟಿಸಿದರೆ, ಕಾಯಿಲ್ ಮಿದುಳಿನ ಯಾವ ಜಾಗದ ಮೇಲಿದೆ ಅಂತ ಇನ್‌ಫ್ರಾರೆಡ್ ಕ್ಯಾಮೆರಾ ಹೇಳುತ್ತದೆ.

ನಮ್ಮೂರಿನಲ್ಲಿ ಇದಕ್ಕೆ ಅಡ್ಡ ಬರುವುದು ತಲೆಕೂದಲು. ಕಾಂತಕ್ಷೇತ್ರ ದೂರ ಹೋದಂತೆ ಬೇಗ ಕುಗ್ಗುತ್ತದೆ. ಕಾಯಿಲ್ ಅರ್ಧ ಸೆಂ.ಮೀ. ಎತ್ತರದಲ್ಲಿ ಉಳಿದರೂ ಒಳಗೆ ತಲುಪುವ ಬಲದಲ್ಲಿ ಎದ್ದು ಕಾಣುವ ವ್ಯತ್ಯಾಸ. ತುರುಬು ಕೂರುವುದೂ ವಿ-5 ಇರುವುದೂ ಹತ್ತಿರಹತ್ತಿರದಲ್ಲೇ. ಹಾಗಾಗಿ ಜಡೆ ಬಿಚ್ಚಿಸಿ, ಬೈತಲೆ ತೆಗೆದು ಎರಡು ಭಾಗ ಮಾಡಿ ಮುಂದಕ್ಕೆ ಹಾಕಿಸುತ್ತೇವೆ. ಹೇರ್‌ಪಿನ್, ಓಲೆ, ಜುಮುಕಿ ಎಲ್ಲ ಒಂದು ಡಬ್ಬಿಗೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರಲ್ಲಿ ತಲೆಯ ಪಟ್ಟಿ ಮೆಲ್ಲಗೆ ಜಾರುತ್ತದೆ. ಪರದೆಯಲ್ಲಿ ಕಾಯಿಲ್ ಸರಿಯಾದ ಜಾಗದಲ್ಲೇ ಇರುವಂತೆ ಕಾಣುತ್ತದೆ, ಆದರೆ ನಿಜವಾದ ತಲೆಯ ಮೇಲೆ ಅದು ಬೇರೆ ಕಡೆ ಇರುತ್ತದೆ. ಗೊತ್ತಾಗುವುದು ಹೇಗೆ ಅಂದರೆ, ಪ್ರತಿ ಸುತ್ತಿನ ನಂತರ ಕಡ್ಡಿಯನ್ನು ಮತ್ತೆ ಮೂಗಿನ ಬುಡಕ್ಕೆ ಮುಟ್ಟಿಸಿ ನೋಡಬೇಕು. ಪರದೆಯ ಮೂಗಿಗೂ ನಿಜದ ಮೂಗಿಗೂ ಕೆಲವು ಮಿ.ಮೀ. ಅಂತರ ಬಂದರೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಈಗ ನಾವು ಕಳಿಸುವ ಮೆಸೇಜಿನಲ್ಲೇ ‘ತಲೆ ಸ್ನಾನ ಮಾಡಿ ಬನ್ನಿ, ಎಣ್ಣೆ ಬೇಡ’ ಅಂತ ಬರೆದಿರುತ್ತೇವೆ.

ಅದೇ ಮೆಸೇಜಿನಲ್ಲಿ ಇನ್ನೂ ಎರಡು ಸಾಲು ಇರುತ್ತವೆ: ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ಬನ್ನಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ನಿದ್ದೆಗೆಟ್ಟರೆ ಆ ಅಪಾಯ ಹೆಚ್ಚುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದವರು ತಲೆಸುತ್ತಿ ಬೀಳಬಹುದು. ಫಿಟ್ಸ್ ಇತಿಹಾಸ, ತಲೆಯೊಳಗೆ ಲೋಹ, ಪೇಸ್‌ಮೇಕರ್, ಕೆಲವು ಮಾತ್ರೆಗಳು, ಇದನ್ನೆಲ್ಲ ಕನ್ನಡದಲ್ಲೇ ಕೇಳಿ ಬರೆದುಕೊಳ್ಳುತ್ತೇವೆ. ಪರೀಕ್ಷೆ ಸಮಯದಲ್ಲಿ ರಾತ್ರಿಯೆಲ್ಲ ಓದಿ ಬಂದ ಹುಡುಗರನ್ನು ಕಾಫಿ ಕುಡಿಸಿ ವಾಪಸ್ ಕಳಿಸಿದ್ದಿದೆ.

ಪಲ್ಸ್ ಕೊಡುವ ರೀತಿ: ಚುಕ್ಕೆ ಕಾಣಿಸಿಕೊಂಡ ಕ್ಷಣದಿಂದ 100 ಮಿಲಿಸೆಕೆಂಡಿಗೊಂದರಂತೆ 5 ಪಲ್ಸ್. ಪಲ್ಸ್‌ನ ಬಲ ಎಷ್ಟಿರಬೇಕು ಎನ್ನುವುದು ತಲೆನೋವಿನ ಪ್ರಶ್ನೆ. ಕೈಕಾಲು ಆಡಿಸುವ ಭಾಗವಾದ ಮೋಟಾರ್ ಕಾರ್ಟೆಕ್ಸ್ ಮೇಲೆ ಕಾಯಿಲ್ ಇಟ್ಟು, ಬೆರಳು ಅದುರುವ ಮಟ್ಟ ಕಂಡುಹಿಡಿದು, ಅದನ್ನೇ ಅಳತೆ ಮಾಡಿಕೊಳ್ಳುವುದು ರೂಢಿ. ಆದರೆ ಬೆರಳಿನ ಮಟ್ಟ ನೋಡಿ ದೃಷ್ಟಿಯ ಜಾಗದ ಮಟ್ಟ ಹೇಳಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ಗುರುತು ಹುಡುಕುತ್ತೇವೆ. ಕತ್ತಲಲ್ಲಿ ಕೂರಿಸಿ ವಿ-5 ಮೇಲೆ ಪಲ್ಸ್ ಕೊಟ್ಟರೆ ಕೆಲವರಿಗೆ ಏನೋ ಹರಿದಾಡಿದ ಹಾಗೆ ಬೆಳಕು ಕಾಣುತ್ತದೆ. ಇದು ಫಾಸ್ಫೀನ್. ಅದು ಚಲಿಸಿತು ಅಂದರೆ ಜಾಗವೂ ಬಲವೂ ಸರಿಯಾಗಿವೆ ಎನ್ನುವ ಧೈರ್ಯ. ಎಲ್ಲರಿಗೂ ಕಾಣುವುದಿಲ್ಲ. ಕಾಣದವರಿಗೆ ಸ್ಕ್ಯಾನ್ ಮತ್ತು ಬೆರಳಿನ ಮಟ್ಟವನ್ನೇ ನೆಚ್ಚಿಕೊಳ್ಳಬೇಕು.

ಫಲಿತಾಂಶ ಓದುವ ರೀತಿಗೆ ಕಾಲ್ಪನಿಕ ಅಂಕಿ ಇಟ್ಟುಕೊಳ್ಳೋಣ. ಪಲ್ಸ್ ಇಲ್ಲದಾಗ ಎಲ್ಲ ಶೇ. 80. ಬಲಗಡೆಯ ವಿ-5ಗೆ ಪಲ್ಸ್ ಕೊಟ್ಟಾಗ ಎಡಗಡೆಯ ಚಲನೆ 70ಕ್ಕೆ ಇಳಿಯಿತು, ಬಲಗಡೆಯ ಚಲನೆ 78, ಎಡಗಡೆಯ ಬಣ್ಣ 79. ಇದು ವಿ-5 ಬೇಕು ಎನ್ನುವ ಸಾಕ್ಷಿ. ಮೂರೂ 72ಕ್ಕೆ ಇಳಿದಿದ್ದರೆ? ಅದು ಮೊಟಕಿನ ಫಲ, ಅಥವಾ ಕಣ್ಣು ಮಿಟುಕಿಸಿದ್ದರ ಫಲ. ಚುಕ್ಕೆ ಇರುವಾಗ ಮಿಟುಕಿಸಿದ ಸರದಿಗಳನ್ನು ಕಣ್ಣಿನ ಕ್ಯಾಮೆರಾ ನೋಡಿ ತೆಗೆದುಹಾಕಬೇಕು. ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಎಡಗಡೆ ಇಳಿದದ್ದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ‘ಸಿಗ್ನಿಫಿಕೆಂಟ್’, ಬಲಗಡೆಯದ್ದು ಅಲ್ಲ, ಹಾಗಾಗಿ ಎರಡೂ ಬೇರೆ ಅಂತ ಬರೆದುಬಿಡುತ್ತಾರೆ. ಹಾಗಲ್ಲ. ಎಡಗಡೆ ಆದ ಇಳಿಕೆ 10, ಬಲಗಡೆ ಆದ ಇಳಿಕೆ 2. ಈ 10ಕ್ಕೂ 2ಕ್ಕೂ ಇರುವ ವ್ಯತ್ಯಾಸವನ್ನೇ ನೇರವಾಗಿ ಪರೀಕ್ಷಿಸಬೇಕು.

ನಮ್ಮಲ್ಲಿ ಬಂದ ಚಿತ್ರ ಮೊದಲನೆಯ ರೀತಿಯದ್ದು, ಎಡಗಡೆಯ ಚಲನೆಯೇ ಕೆಟ್ಟಿತು. ಆದರೂ ‘ಚಲನೆ ಕಾಣುವುದು ವಿ-5ನಲ್ಲಿ’ ಅಂತ ನಾನು ಬರೆಯುವುದಿಲ್ಲ. ಪಲ್ಸ್ ಕೊಟ್ಟ ಜಾಗದಲ್ಲೇ ಪರಿಣಾಮ ನಿಲ್ಲುವುದಿಲ್ಲ, ನರಗಳ ಹಾದಿಯಲ್ಲಿ ಬೇರೆ ಕಡೆಗೂ ಹರಡುತ್ತದೆ. 2001ರಲ್ಲಿ ಪಾಸ್ಕುವಲ್-ಲಿಯೋನೆ ಮತ್ತು ವಾಲ್ಷ್ ಒಂದು ಜಾಣ ಪ್ರಯೋಗ ಮಾಡಿದರು. ವಿ-5ಗೆ ಪಲ್ಸ್ ಕೊಟ್ಟು ಚಲಿಸುವ ಫಾಸ್ಫೀನ್ ಹುಟ್ಟಿಸಿ, ಅದಾದ ಕೆಲವೇ ಮಿಲಿಸೆಕೆಂಡುಗಳಲ್ಲಿ ದೃಷ್ಟಿಯ ಮೊದಲ ಜಾಗವಾದ ವಿ-1ಗೆ ಇನ್ನೊಂದು ಪಲ್ಸ್ ಕೊಟ್ಟರು. ಚಲನೆ ಕಾಣುವುದು ಕೆಟ್ಟಿತು. ವಿ-5ನಿಂದ ವಿ-1ಗೆ ಹಿಂತಿರುಗುವ ಸುದ್ದಿಯೂ ಬೇಕು ಅನ್ನುವುದು ಅವರ ತೀರ್ಮಾನ. ಹಾಗಾಗಿ ನಮ್ಮ ಪ್ರಯೋಗ ಹೇಳುವುದು ಇಷ್ಟೇ: ವಿ-5ಗೆ ಗೊಂದಲ ಬಿದ್ದರೆ ಚಲನೆಯ ದಿಕ್ಕು ಹೇಳುವುದು ಕೆಡುತ್ತದೆ. ಅದೊಂದೇ ಸಾಕು ಅಂತ ಇದು ಹೇಳುವುದಿಲ್ಲ.

ಏನೂ ಕೆಡದಿದ್ದರೆ ಇನ್ನೂ ಕಷ್ಟ. ಆ ಜಾಗ ಬೇಡ ಅಂತಲೇ ಅರ್ಥವಲ್ಲ. ಬಲ ಸಾಲದಿರಬಹುದು, ಕ್ಷಣ ತಪ್ಪಿರಬಹುದು, ಜಾಗ ಆಳದಲ್ಲಿರಬಹುದು. ಮುಖ ಗುರುತಿಸುವಾಗ ಚುರುಕಾಗುವ ಫ್ಯೂಸಿಫಾರ್ಮ್ ಭಾಗ ಮಿದುಳಿನ ಕೆಳಮೈಯಲ್ಲಿದೆ. 8ರ ಆಕಾರದ ಕಾಯಿಲ್‌ನ ಪಲ್ಸ್ ತಲುಪುವುದು ಹೆಚ್ಚೆಂದರೆ ಎರಡು ಮೂರು ಸೆಂ.ಮೀ. ಒಳಕ್ಕೆ. ‘ಅದನ್ನೂ ಟಿಎಂಎಸ್‌ನಲ್ಲಿ ನೋಡಬಹುದಾ?’ ಅಂತ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಅದರ ಬದಲು ತಲೆಯ ಮೇಲ್ಮೈಗೆ ಹತ್ತಿರವಿರುವ, ಮುಖಗಳಿಗೇ ಸ್ಪಂದಿಸುವ ಇನ್ನೊಂದು ಜಾಗವನ್ನು ಆರಿಸಿಕೊಳ್ಳಿ ಅನ್ನುತ್ತೇನೆ.