ಫ್ರಿಜ್‌ಗೊಂದು, ಟೀವಿಗೊಂದು: ಸ್ಟೆಬಿಲೈಸರ್ ಕೊಳ್ಳುವ ಮುನ್ನ ಸಾಕೆಟ್ಟಿನ ವೋಲ್ಟೇಜ್ ಅಳೆಯಿರಿ

ಸ್ಟೆಬಿಲೈಸರ್ ಬೇಕೆಂದು ಅಂಗಡಿಗೆ ಹೋದರೆ ಮೊದಲು ಕೇಳುವುದು ‘ಎಷ್ಟು ಲೀಟರ್ ಫ್ರಿಜ್ಜು, ಎಷ್ಟು ಇಂಚಿನ ಟೀವಿ?’ ಎಂದು. ಆ ಲೆಕ್ಕವೂ ಬೇಕು, ಆದರೆ ಅದು ಎರಡನೆಯದು. ನಿಮ್ಮ ಮನೆಯ ಆ ಸಾಕೆಟ್ಟಿಗೆ ಎಷ್ಟು ವೋಲ್ಟ್ ಬರುತ್ತದೆ, ಎಷ್ಟಕ್ಕೆ ಇಳಿಯುತ್ತದೆ, ಎಷ್ಟಕ್ಕೆ ಏರುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಅದನ್ನು ನೀವೇ ತಿಳಿದುಕೊಂಡು ಹೋಗಬೇಕು.

ಮೊದಲು ಫ್ರಿಜ್ಜಿನ ಹಿಂಬದಿಯ ಇಲ್ಲವೇ ಒಳಗೋಡೆಯ ಚೀಟಿ ಓದಿ. ಇನ್ವರ್ಟರ್ ಕಂಪ್ರೆಸರ್ ಇರುವ ಎಷ್ಟೋ ಫ್ರಿಜ್‌ಗಳಿಗೆ ಇಷ್ಟರಿಂದ ಇಷ್ಟು ವೋಲ್ಟ್‌ವರೆಗೆ ಸ್ಟೆಬಿಲೈಸರ್ ಬೇಡ ಎಂದು ತಯಾರಕರೇ ಬರೆದಿರುತ್ತಾರೆ. ನಿಮ್ಮ ಅಳತೆ ಆ ಮಿತಿಯೊಳಗೇ ಇದ್ದರೆ ಹಣ ಉಳಿಯಿತು. ಸಾಮಾನ್ಯ ಕಂಪ್ರೆಸರಿನದಾದರೆ ಮುಂದಿನ ಲೆಕ್ಕ ಬೇಕು.

ಅಳೆಯುವುದು ಹೇಗೆ

ಸಾಕೆಟ್ಟಿಗೆ ನೇರವಾಗಿ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯವರ ಕೈಗೆ ಅದೇ ಕ್ಷೇಮ. ಮಲ್ಟಿಮೀಟರ್ ಬಳಸುವುದಾದರೆ ಗುಂಡಿಯನ್ನು ಎಸಿ 600 ಅಥವಾ 750 ವೋಲ್ಟ್‌ಗೆ ತಿರುಗಿಸಿ, ಕೆಂಪು ವಯರು ವೋಲ್ಟೇಜ್ ತೂತಿನಲ್ಲೇ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಿ. 10 ಆಂಪಿನ ತೂತಿನಲ್ಲಿ ಮರೆತು ಸಾಕೆಟ್ಟಿಗೆ ಹಿಡಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್.

ಫ್ರಿಜ್ ಇಡುವ ಸಾಕೆಟ್ಟಿನಲ್ಲೇ ಮೂರು-ನಾಲ್ಕು ದಿನ ನೋಡಿ ಬರೆದಿಡಿ: ಬೆಳಗ್ಗೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ, ಸಂಜೆ ಏಳರಿಂದ ಒಂಬತ್ತರ ನಡುವೆ, ಮತ್ತು ನಡುರಾತ್ರಿ. ನಡುರಾತ್ರಿಯದನ್ನು ಯಾರೂ ಅಳೆಯುವುದಿಲ್ಲ. ಆದರೆ ಊರೆಲ್ಲ ಮಲಗಿ ಲೋಡ್ ಇಳಿದಾಗಲೇ ವೋಲ್ಟೇಜ್ ಮೇಲೇರುವುದು.

ಒಂದು ತೋಟದ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದ ಕಡೆ ಊರೊಳಗಿನ ಮನೆಗಳಿಗೆ ಅನುಕೂಲವಾಗಿದೆ. ಆದರೆ ತೋಟದ ಮನೆಗಳು ಪಂಪಿನ ಲೈನಿನಲ್ಲೇ ಉಳಿದಿರುವುದುಂಟು. ಅಂಥ ಮನೆಯಲ್ಲಿ ಬೆಳಗ್ಗೆ 215, ಪಂಪುಗಳು ಓಡುವಾಗ 165, ನಡುರಾತ್ರಿ 252 ವೋಲ್ಟ್ ಬಂತೆನ್ನಿ. ಇರಬೇಕಾದದ್ದು 230.

165 ಸಿಕ್ಕಿತಲ್ಲ, ಹಾಗಾದರೆ ‘150ರಿಂದ 280’ ಎಂದು ಬರೆದ ಸ್ಟೆಬಿಲೈಸರ್ ಸಾಕು ಅನಿಸುತ್ತದೆ. ಎಡವುವುದು ಇಲ್ಲೇ.

ಇಸ್ತ್ರಿಪೆಟ್ಟಿಗೆಯ ಪರೀಕ್ಷೆ

ಚಾಲೂ ಆಗುವ ಅರ್ಧ-ಒಂದು ಸೆಕೆಂಡಿನಲ್ಲಿ ಫ್ರಿಜ್ಜಿನ ಕಂಪ್ರೆಸರ್ ತಾನು ಓಡುವಾಗ ಎಳೆಯುವ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಓಡುವಾಗ ಒಂದು ಆಂಪಿನ ಆಸುಪಾಸಿನಲ್ಲಿರುವ ಫ್ರಿಜ್ ಏಳುವಾಗ ಆರು-ಏಳು ಆಂಪ್ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ಸ್ಟೆಬಿಲೈಸರ್ ಈ 165ನ್ನು 215ಕ್ಕೆ ಏರಿಸಿ ಕೊಡಬೇಕಾದರೆ ಗೋಡೆಯಿಂದ ಅದು ಎಳೆಯುವ ಕರೆಂಟು ಅದೇ ಪ್ರಮಾಣದಲ್ಲಿ, ಅಂದರೆ ಸುಮಾರು 1.3 ಪಟ್ಟು, ಹೆಚ್ಚುತ್ತದೆ. ಏಳು ಆಂಪ್ ಒಂಬತ್ತಾಯಿತು. ಒಂಬತ್ತು ಆಂಪ್ ಒಮ್ಮೆಗೇ ಹರಿದಾಗ ಉದ್ದದ ಲೈನಿನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ.

ಎಷ್ಟು ಕುಸಿಯುತ್ತದೆ ಎಂದು ತಿಳಿಯಲು 1000 ವಾಟಿನ ಇಸ್ತ್ರಿಪೆಟ್ಟಿಗೆ ಸಾಕು. ವೋಲ್ಟೇಜ್ ಕಡಿಮೆ ಇರುವ ಹೊತ್ತಿನಲ್ಲಿ, ಅದೇ ಸಾಕೆಟ್ಟಿನ ಬೋರ್ಡಿನಲ್ಲಿ ವೋಲ್ಟ್‌ಮೀಟರ್ ಇಟ್ಟುಕೊಂಡು ಇಸ್ತ್ರಿಪೆಟ್ಟಿಗೆ ಹಾಕಿ. 165 ವೋಲ್ಟ್‌ನಲ್ಲಿ ಅದು ಸುಮಾರು 3 ಆಂಪ್ ಎಳೆಯುತ್ತದೆ. ಮೀಟರ್ 165ರಿಂದ 159ಕ್ಕೆ ಇಳಿದರೆ ಕುಸಿತ 6 ವೋಲ್ಟ್. ಫ್ರಿಜ್ ಏಳುವಾಗಿನ ಕರೆಂಟ್ ಇದರ ಮೂರು ಪಟ್ಟು, ಕುಸಿತವೂ ಮೂರು ಪಟ್ಟು: 18 ವೋಲ್ಟ್. ಅಂದರೆ ಆ ಕ್ಷಣ ಸ್ಟೆಬಿಲೈಸರಿಗೆ ಸಿಗುವುದು 147 ಮಾತ್ರ. 150ಕ್ಕೆ ಕಟ್ ಆಗುವ ಸ್ಟೆಬಿಲೈಸರ್ ಪ್ರತಿ ಸಲವೂ ಫ್ರಿಜ್ ಏಳುತ್ತಿದ್ದಂತೆ ಅದನ್ನು ನಿಲ್ಲಿಸಿಬಿಡಬಹುದು. ಮೂರು ನಿಮಿಷ ಬಿಟ್ಟು ಮತ್ತೆ ಏಳಿಸುತ್ತದೆ, ಮತ್ತೆ ಕಟ್. ಫ್ರಿಜ್ ಕೆಟ್ಟಿತೆಂದು ಮೆಕ್ಯಾನಿಕ್ ಬಂದು ಹೋಗುತ್ತಾನೆ, ಕೆಟ್ಟಿರುವುದು ಮಾತ್ರ ಏನೂ ಇಲ್ಲ.

ಹಾಗಾಗಿ ಈ ಮನೆಗೆ ಕೆಳಮಿತಿ 130 ಇರುವುದು ಬೇಕು. ಮೇಲಿನ ಮಿತಿ 252ಕ್ಕಿಂತ ಇಪ್ಪತ್ತು-ಮೂವತ್ತು ವೋಲ್ಟ್ ಹೆಚ್ಚಿರಲಿ. ‘130ರಿಂದ 290’ರ ಮಾದರಿ ಹೊಂದುತ್ತದೆ. ‘90ರಿಂದ 300’ ಎಂಬುದಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ಇಲ್ಲಿಲ್ಲ.

ಕುಸಿತ ಹತ್ತು-ಹನ್ನೆರಡು ವೋಲ್ಟ್ ಇದ್ದರೆ ಸ್ಟೆಬಿಲೈಸರ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಇದೇ ಪರೀಕ್ಷೆಯನ್ನು ಮೀಟರ್ ಬೋರ್ಡಿನ ಬಳಿ ಅಳೆಸಿ. ಇಸ್ತ್ರಿಪೆಟ್ಟಿಗೆ ಅಡುಗೆಮನೆಯಲ್ಲಿ ಕಾಯುತ್ತಿರುವಾಗ ಬೋರ್ಡಿನಲ್ಲಿ ಎರಡೇ ವೋಲ್ಟ್ ಇಳಿದು ಸಾಕೆಟ್ಟಿನಲ್ಲಿ ಹನ್ನೆರಡು ಇಳಿಯುತ್ತಿದ್ದರೆ ತೊಂದರೆ ಮನೆಯ ಒಳಗಿದೆ: ತೆಳು ವಯರು, ಸಡಿಲ ಸ್ಕ್ರೂ ಅಥವಾ ಕಪ್ಪಾದ ಜಾಯಿಂಟು. ಬೋರ್ಡಿನಿಂದ ಫ್ರಿಜ್ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವಯರನ್ನು ಬೇರೆಯಾಗಿ ಎಳೆಸಿದರೆ ಅರ್ಧ ರೋಗ ಅಲ್ಲೇ ವಾಸಿ.

ಫ್ರಿಜ್ಜಿಗೆ ಎಷ್ಟು ದೊಡ್ಡದು

ಚೀಟಿಯಲ್ಲಿ 1.1 ಆಂಪ್ ಎಂದಿದ್ದರೆ 230ರಿಂದ ಗುಣಿಸಿ: ಸುಮಾರು 253 ವಿಎ. ಇದರ ಎರಡು ಪಟ್ಟು ಲೆಕ್ಕ ಹಾಕಿದರೆ 500 ವಿಎ. ಸಿಂಗಲ್ ಡೋರ್ ಫ್ರಿಜ್ಜಿಗೆ ಇಷ್ಟು ಸಾಕು. ಫ್ರಾಸ್ಟ್ ಫ್ರೀ ಡಬಲ್ ಡೋರ್ ಆದರೆ ಚೀಟಿಯಲ್ಲಿ ಡಿಫ್ರಾಸ್ಟ್ ಹೀಟರಿನ ವಾಟ್ ಬೇರೆ ಬರೆದಿರುತ್ತದೆ, ಅದನ್ನೂ ನೋಡಿ. ದೊಡ್ಡ ಫ್ರಿಜ್ಜಿಗೆ 1 ಕೆವಿಎ ತೆಗೆದುಕೊಳ್ಳುವುದು ಲೇಸು. ಡಬ್ಬದ ಮೇಲೆ ‘ಇಷ್ಟು ಲೀಟರ್‌ವರೆಗೆ’ ಎಂದಿರುವುದು ನಿಮ್ಮ ಫ್ರಿಜ್ಜಿಗೆ ಕಡಿಮೆಯಾಗದಿರಲಿ.

ಇನ್ನು ಬಿಡಬಾರದ ಒಂದು ಗುಣವೆಂದರೆ ಟೈಮ್ ಡಿಲೇ. ಕರೆಂಟ್ ಹೋಗಿ ತಕ್ಷಣ ಬಂದಾಗ ಕಂಪ್ರೆಸರಿನ ಎರಡು ಬದಿಯ ಗ್ಯಾಸಿನ ಒತ್ತಡ ಸಮನಾಗಿರುವುದಿಲ್ಲ. ಆ ಒತ್ತಡದ ವಿರುದ್ಧ ಮೋಟಾರ್ ತಿರುಗಲಾರದೆ ಗುಂಯ್‌ಗುಟ್ಟಿ, ಬಿಸಿಯಾಗಿ, ಓವರ್‌ಲೋಡ್ ಟಕ್ ಎಂದು ಕಡಿಯುತ್ತದೆ. ಮೂರು ನಿಮಿಷದಷ್ಟು ಕಾದು ಕರೆಂಟ್ ಕೊಡುವ ಸ್ಟೆಬಿಲೈಸರ್ ಇದನ್ನು ತಪ್ಪಿಸುತ್ತದೆ. ಹೊಸದಾಗಿ ತಂದವರು ಸ್ವಿಚ್ ಹಾಕಿ ಒಂದು ನಿಮಿಷ ಕಾದು, ಫ್ರಿಜ್ ಓಡಲಿಲ್ಲವೆಂದು ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ಪ್ರತಿ ಸಲವೂ ಆ ಮೂರು ನಿಮಿಷ ಮೊದಲಿನಿಂದ ಶುರುವಾಗುತ್ತದೆ. ಸುಮ್ಮನೆ ಕಾಯಿರಿ.

ಟೀವಿಯ ಕಥೆ ಬೇರೆ

ಟೀವಿಯ ಹಿಂದೆ ಸಾಮಾನ್ಯವಾಗಿ ‘100–240 ವೋಲ್ಟ್’ ಎಂದಿರುತ್ತದೆ. ಹಾಗಿದ್ದರೆ ಕರೆಂಟ್ ಡಲ್ ಆದರೆ ಅದಕ್ಕೆ ಭಯವಿಲ್ಲ, 165ರಲ್ಲೂ ಅದು ಆರಾಮ. ಭಯವಿರುವುದು ಮೇಲಿನ ಬದಿಗೆ. ಹಾಗಾಗಿ ಟೀವಿ ಸ್ಟೆಬಿಲೈಸರಿನಲ್ಲಿ ನೋಡಬೇಕಾದ್ದು ವೋಲ್ಟೇಜ್ ಏರಿದಾಗ ಅದು ತಗ್ಗಿಸುತ್ತದೆಯೇ, ಮಿತಿ ಮೀರಿದರೆ ಕಡಿಯುತ್ತದೆಯೇ ಎಂಬುದು. ನಲವತ್ಮೂರು ಇಂಚಿನ ಟೀವಿ 100 ವಾಟಿನ ಆಸುಪಾಸು, ಸೆಟ್ ಟಾಪ್ ಬಾಕ್ಸ್ ಸೇರಿಸಿದರೂ 2 ಆಂಪಿನ ಸ್ಟೆಬಿಲೈಸರಿಗೆ ಹೊರೆಯಲ್ಲ. ಹೋಮ್ ಥಿಯೇಟರ್ ಇದ್ದರೆ ಅದರ ವಾಟನ್ನೂ ಕೂಡಿ.

ಎರಡಕ್ಕೂ ಒಂದೇ ಸ್ಟೆಬಿಲೈಸರ್ ಸಾಲದೇ ಎಂದು ಕೇಳುವವರಿದ್ದಾರೆ. ಮಲ್ಟಿ ಪ್ಲಗ್ ಸಿಕ್ಕಿಸಿ ಹಾಗೆ ಮಾಡಿರುವ ಮನೆಗಳೂ ಇವೆ. ಕರೆಂಟ್ ಬಂದಾಗಲೆಲ್ಲ ಟೀವಿಯೂ ಮೂರು ನಿಮಿಷ ಕಾಯಬೇಕು, ಕಂಪ್ರೆಸರ್ ಎದ್ದಾಗಲೆಲ್ಲ ಸ್ಟೆಬಿಲೈಸರಿನ ರಿಲೇ ಟಕಟಕ ಎನ್ನುವುದು ಟೀವಿಗೂ ತಟ್ಟುತ್ತದೆ. ಬೇರೆ ಬೇರೆಯೇ ಇರಲಿ.

ಎಲ್ಲಿ ಜೋಡಿಸಬೇಕು

ಫ್ರಿಜ್ಜಿನ ಸ್ಟೆಬಿಲೈಸರ್ ಗೋಡೆಯ ಸಾಕೆಟ್ಟಿಗೆ ನೇರವಾಗಿ, ಫ್ರಿಜ್ಜಿನ ಪ್ಲಗ್ ಸ್ಟೆಬಿಲೈಸರಿಗೆ ನೇರವಾಗಿ. ನಡುವೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಮಿಕ್ಸಿಯನ್ನು ಅದೇ ಸಾಕೆಟ್ಟಿಗೆ ಸೇರಿಸುವುದೂ ಬೇಡ. ಸ್ಟೆಬಿಲೈಸರನ್ನು ಫ್ರಿಜ್ಜಿನ ತಲೆಯ ಮೇಲಿಡುವ ರೂಢಿ ನಮ್ಮಲ್ಲಿ ಜಾಸ್ತಿ, ಮೇಲೊಂದು ಕ್ರೋಶಾ ಬಟ್ಟೆ ಬೇರೆ. ಅದಕ್ಕೆ ಗಾಳಿ ಬೇಕು. ಎದೆಯ ಎತ್ತರದಲ್ಲಿ ಗೋಡೆಗೆ ಸ್ಕ್ರೂ ಹಾಕಿ, ಅಂಕಿ ಕಣ್ಣಿಗೆ ಕಾಣುವಂತೆ, ಒಲೆಯ ಹಬೆ ಮತ್ತು ಸಿಂಕಿನ ನೀರು ತಾಗದ ಕಡೆ ತೂಗುಹಾಕಿ. ಟೀವಿಯದನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಡಿ.

ಸಾಕೆಟ್ಟಿನ ಅರ್ಥಿಂಗ್ ಕೂಡ ಈಗಲೇ ನೋಡಿಸಿ. ಫೇಸ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಫೇಸ್-ನ್ಯೂಟ್ರಲ್ ನಡುವಿನದಕ್ಕೆ ಹತ್ತಿರ ಇರಬೇಕು. ತೀರಾ ಕಡಿಮೆ ತೋರಿಸಿದರೆ ಅರ್ಥಿಂಗ್ ಹೆಸರಿಗೆ ಮಾತ್ರ ಇದೆ. ಸ್ಟೆಬಿಲೈಸರ್ ಅರ್ಥನ್ನು ದಾಟಿಸುತ್ತದಷ್ಟೇ, ಹೊಸದಾಗಿ ಕೊಡುವುದಿಲ್ಲ.

ಮನೆಯಲ್ಲಿ ಯುಪಿಎಸ್ ಇದ್ದರೆ ಟೀವಿ ಸಾಕೆಟ್ ಹೆಚ್ಚಾಗಿ ಅದರ ಲೈನಿನಲ್ಲೇ ಇರುತ್ತದೆ. ಹೋಮ್ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮೋಡ್. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ 260 ದಾಟಿದರೂ ಅದು ಬ್ಯಾಟರಿಗೆ ಹಾರುತ್ತದೆ, ಟೀವಿ ಕ್ಷೇಮ. ಆದರೆ ನಮ್ಮ ತೋಟದ ಮನೆಯಂತೆ ದಿನಕ್ಕೆ ಗಂಟೆಗಟ್ಟಲೆ 165 ಇದ್ದರೆ ಬ್ಯಾಟರಿ ಅಷ್ಟೂ ಹೊತ್ತು ಬರಿದಾಗುತ್ತದೆ. ವಿಶಾಲ ಮಿತಿಯ ಮೋಡಿಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ, ಆದರೆ 280 ಬಂದರೂ ಟೀವಿಗೆ ದಾಟಿಬಿಡುತ್ತದೆ. ಟೀವಿ ಸ್ಟೆಬಿಲೈಸರಿಗೆ ನಿಜವಾದ ಕೆಲಸ ಇರುವುದು ಈ ಎರಡನೆಯ ಸ್ಥಿತಿಯಲ್ಲಿ. ಯುಪಿಎಸ್ ಸೈನ್ ವೇವ್ ಆಗಿದ್ದರೆ ಟೀವಿಯ ಬಳಿಯೇ ಹಾಕಬಹುದು. ಸ್ಕ್ವೇರ್ ವೇವ್ ಆದರೆ ಬ್ಯಾಟರಿಯಲ್ಲಿ ಓಡುವಾಗ ಸ್ಟೆಬಿಲೈಸರ್ ಗುಂಯ್‌ಗುಟ್ಟಬಹುದು, ವೋಲ್ಟೇಜನ್ನು ತಪ್ಪಾಗಿ ಓದಬಹುದು. ಅಂಥ ಮನೆಯಲ್ಲಿ ಸ್ಟೆಬಿಲೈಸರ್ ಯುಪಿಎಸ್‌ಗಿಂತ ಮೊದಲು ಬರಬೇಕು, ಅದರ ಸಾಮರ್ಥ್ಯ ಬ್ಯಾಟರಿ ಚಾರ್ಜಿಂಗಿನ ಹೊರೆಯನ್ನೂ ಹೊರುವಷ್ಟಿರಬೇಕು.

ಸ್ಟೆಬಿಲೈಸರಿನ ಕೈಮೀರಿದ್ದು

ಟಿಸಿಯ ಬಳಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 300, ಇನ್ನೂ ಕೆಟ್ಟರೆ 400ರ ಹತ್ತಿರ ಹೋಗಬಹುದು. ಗುರುತು: ನಿಮ್ಮ ಬಲ್ಬುಗಳು ವಿಪರೀತ ಬೆಳಗುತ್ತವೆ, ಬೇರೆ ಫೇಸಿನ ಪಕ್ಕದ ಮನೆಯವು ಮಂಕಾಗುತ್ತವೆ. 300ರ ಮೇಲೆ ಸ್ಟೆಬಿಲೈಸರಿನ ಒಳಗಿನ ಬೋರ್ಡೇ ಸುಡಬಹುದು. ತಕ್ಷಣ ಮೇನ್ ಸ್ವಿಚ್ ಇಳಿಸಿ, 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ಸರಿಪಡಿಸುವವರೆಗೆ ಏರಿಸಬೇಡಿ.

ಸಿಡಿಲಿಗೂ ಸ್ಟೆಬಿಲೈಸರ್ ಉತ್ತರವಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವವರೂ ಡಿಶ್ಶಿನ ಕೇಬಲ್ ಮರೆಯುತ್ತಾರೆ. ಸಿಡಿಲಿನ ಹೊಡೆತ ಆ ಕೇಬಲಿನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಟೀವಿಗೆ ಬರುವ ದಾರಿಯೂ ಇದೆ. ಗುಡುಗು ಹತ್ತಿರವಾಗುವ ಮೊದಲೇ ಎರಡನ್ನೂ ಬಿಡಿಸಿ.

ಜೋಡಿಸಿದ ದಿನ ಫ್ರಿಜ್ ಒಂದು ಗಂಟೆ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ನಿನ ಬುಡದ ಪ್ಲಾಸ್ಟಿಕ್ ಮುಟ್ಟಿ ನೋಡಿ. ಸ್ಟೆಬಿಲೈಸರಿನ ಮೈ ಉಗುರುಬೆಚ್ಚಗಿರುವುದು ಸಹಜ. ಪ್ಲಗ್ ಬಿಸಿಯಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ, ಅದನ್ನು ಅಂದೇ ಬದಲಿಸಿ.