ಒಂದು ಗೇಟಿಗೆ ನಾಲ್ಕು ಜೊತೆ ಕೈಗವಸು

ಉಡುಪಿ, ಮಲ್ಪೆ ಕಡೆಯ ಕಬ್ಬಿಣದ ಗೇಟುಗಳನ್ನು ಉಪ್ಪುಗಾಳಿ ಸುಮ್ಮನೆ ಬಿಡುವುದಿಲ್ಲ. ಬಿಜಾಗರಿ ತುಕ್ಕು ಹಿಡಿದಿರುತ್ತದೆ, ಸರಳುಗಳಿಗೆ ಕಾಗದದ ಹೂವಿನ ಬಳ್ಳಿ ಸುತ್ತಿರುತ್ತದೆ, ಅಂಗಳದ ಟೈಲ್ಸಿನ ಮೇಲೆ ತುಕ್ಕಿನ ಕಲೆ ಇಳಿದಿರುತ್ತದೆ. ಮಳೆ ನಿಂತ ಮೇಲೆ ಇದಿಷ್ಟನ್ನೂ ಒಂದೇ ಕೈಗವಸಿನಲ್ಲಿ ಮುಗಿಸಲು ಹೊರಡಬೇಡಿ.

ಮೊದಲು ಬಳ್ಳಿ ಕತ್ತರಿಸಿ. ಅದರ ಮುಳ್ಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಆಗಲಿ, ಮಾಮೂಲಿ ರಬ್ಬರ್ ಆಗಲಿ ತಡೆಯಾಗುವುದಿಲ್ಲ. ಚರ್ಮದ ಕೈಗವಸೇ ಬೇಕು. ಮಣಿಕಟ್ಟಿನಲ್ಲಿ ಮುಗಿಯುವುದು ಸಾಲದು, ಮೊಣಕೈ ಸಮೀಪಕ್ಕೆ ಬರುವಂಥದ್ದು ಇರಲಿ.

ಬಿಜಾಗರಿಯ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ನೈಟ್ರೈಲ್ ಹಾಕಿಕೊಳ್ಳಿ. ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಸೀಮೆಎಣ್ಣೆ, ಪೆಟ್ರೋಲ್ ತಾಗಿದರೆ ಅದು ಉಬ್ಬಿ, ಮೆತ್ತಗಾಗಿ ಹರಿಯುತ್ತದೆ. ಪಾತ್ರೆ ತೊಳೆಯುವ ದಪ್ಪ ರಬ್ಬರ್ ಕೈಗವಸು ಕೂಡ ಹೆಚ್ಚಾಗಿ ಅದೇ ಹಾಲಿನದು, ದಪ್ಪವಿದೆಯೆಂದು ನಂಬಬೇಡಿ. ಲೇಟೆಕ್ಸ್ ಹಾಕಿದೊಡನೆ ಕೈ ತುರಿಸಿ ಕೆಂಪಾಗುವವರು ಅದನ್ನು ಬಿಟ್ಟೇಬಿಡಬೇಕು. ಆದರೆ ನೈಟ್ರೈಲಿಗೂ ಮಿತಿಯಿದೆ. ಬಣ್ಣದ ಥಿನ್ನರ್ ತೆಳು ನೈಟ್ರೈಲನ್ನು ಬೇಗ ದಾಟುತ್ತದೆ, ಆದ್ದರಿಂದ ಚೆಲ್ಲಿದ ಕೂಡಲೇ ಕೈಗವಸು ಬಿಚ್ಚಿ ಎಸೆಯಿರಿ.

ಟೈಲ್ಸಿನ ಕಲೆಗೆ ಬಾತ್‌ರೂಮ್ ಆಸಿಡ್ ಬಳಸುವುದಾದರೆ ಆ ದಪ್ಪ ರಬ್ಬರಿನದೇ ಸರಿ. ಮೊದಲು ಅದರೊಳಗೆ ಗಾಳಿ ಊದಿ, ಬಾಯಿಯನ್ನು ಸುರುಳಿ ಸುತ್ತಿ ಹಿಡಿದು ನೀರಿನಲ್ಲಿ ಅದುಮಿ. ಗುಳ್ಳೆ ಎದ್ದರೆ ತೂತಿದೆ ಎಂದರ್ಥ. ಅಂಚನ್ನು ಹೊರಕ್ಕೆ ಮಡಚಿಕೊಂಡರೆ ಕೈ ಎತ್ತಿದಾಗ ಆಸಿಡ್ ತೋಳಿಗೆ ಇಳಿಯುವುದಿಲ್ಲ. ಅದೇ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ. ಅಲ್ಲಿ ಏಳುವ ಕ್ಲೋರಿನ್ ಅನಿಲವನ್ನು ಯಾವ ಕೈಗವಸೂ ತಡೆಯಲಾರದು.

ಇನ್ನು ವೆಲ್ಡಿಂಗ್. ಮನೆಗೆ ಬಂದ ಹುಡುಗ ಬರಿಗೈಯಲ್ಲಿಯೋ ಮೇಸ್ತ್ರಿಗಳ ರಬ್ಬರ್ ಲೇಪದ ಕೈಗವಸಿನಲ್ಲಿಯೋ ಕೂತರೆ ಕೆಲಸ ನಿಲ್ಲಿಸಿ, ಮುಲಾಜು ಬೇಡ. ಕಿಡಿ ತಾಗಿದರೆ ರಬ್ಬರ್, ನೈಟ್ರೈಲ್ ಎರಡೂ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಆ ಸುಟ್ಟ ಗಾಯ ಬಹಳ ಕೆಟ್ಟದ್ದು. ಒಳಗೆ ಹತ್ತಿಯ ಪದರವಿರುವ, ಉದ್ದ ತೋಳಿನ ವೆಲ್ಡಿಂಗ್ ಚರ್ಮದ ಕೈಗವಸೇ ಆಗಬೇಕು. ಬಳ್ಳಿ ಕತ್ತರಿಸಿದ ಹಳೆಯದನ್ನು ಕೊಡಬೇಡಿ, ಮುಳ್ಳು ಮಾಡಿದ ತೂತಿನೊಳಗೆ ಕಿಡಿ ಇಳಿಯುತ್ತದೆ. ಸೀಮೆಎಣ್ಣೆ ಹೀರಿದ ಚರ್ಮವಂತೂ ಹೊತ್ತಿಕೊಳ್ಳುತ್ತದೆ. ತೊಳೆದ ಬಿಜಾಗರಿಯನ್ನೂ ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ವೆಲ್ಡಿಂಗ್‌ಗೆ ಕೈಹಾಕಲಿ.

ನಮ್ಮ ಕರಾವಳಿಯ ತೇವದಲ್ಲಿ ಇನ್ನೊಂದು ಅಪಾಯವಿದೆ. ಒದ್ದೆಯಾದ ಚರ್ಮದ ಕೈಗವಸು ವಿದ್ಯುತ್ತನ್ನು ಹರಿಯಗೊಡುತ್ತದೆ. ವೆಲ್ಡಿಂಗ್ ಯಂತ್ರದಲ್ಲಿ ಕಿಡಿ ಹತ್ತುವ ಮೊದಲು ಸಾಮಾನ್ಯವಾಗಿ 50ರಿಂದ 80 ವೋಲ್ಟ್ ಇರುತ್ತದೆ. ಬೆವರಿದ ಕೈಗೆ ಅದು ಸಣ್ಣದಲ್ಲ. ಒದ್ದೆಯಾದ ಕೈಗವಸನ್ನು ಬದಲಿಸಿ ಒಣಗಿದ್ದು ಹಾಕಿಕೊಳ್ಳಲಿ. ಒಣಗಿಸುವುದು ನೆರಳಿನಲ್ಲಿ, ಒಲೆಯ ಮೇಲಲ್ಲ. ಬೆಂಕಿಗೆ ಹಿಡಿದ ಚರ್ಮ ಸೆಟೆದು ಬಿರಿಯುತ್ತದೆ. ಕಾದ ತುಂಡನ್ನು ಎತ್ತಲು ಇಕ್ಕಳ ಕೊಡಿ.